ತೊಟ್ಟಿಲಂತೆ ತೂಗುವ ಹಲ್ಲು

ಮಗುವಿನ ಬಾಯಲ್ಲಿ ಮೊದಲು ಅಲ್ಲಾಡುವುದು ಬಹುತೇಕ ಕೆಳಸಾಲಿನ ನಡುವಿನ ಎರಡು ಹಲ್ಲುಗಳಲ್ಲಿ ಒಂದು. ಹೆಚ್ಚಿನ ಮಕ್ಕಳಿಗೆ 6ರಿಂದ 7 ವರ್ಷದೊಳಗೆ ಇದು ಶುರುವಾಗುತ್ತದೆ. ಕೆಲವರಿಗೆ ಐದರಲ್ಲೇ ಆಗುತ್ತದೆ, ಕೆಲವರು ಎಂಟರ ಹತ್ತಿರದವರೆಗೂ ಕಾಯುತ್ತಾರೆ. ಅಲ್ಲಾಡಲು ತೊಡಗಿದ ಹಲ್ಲು ಬೀಳುವುದಕ್ಕೆ ಕೆಲವು ದಿನ ಸಾಕಾಗಬಹುದು, ಕೆಲವು ವಾರಗಳೂ ಬೇಕಾಗಬಹುದು. ಅಷ್ಟು ದಿನವೂ ಮನೆಯಲ್ಲಿ ಅದೇ ಮಾತು. ನಾಲಿಗೆಗೆ ಅದೇ ಕೆಲಸ. ಕನ್ನಡಿಯ ಮುಂದೆ ಬಾಯಿ ತೆರೆದು ನಿಂತ ಮಗುವನ್ನು ಶಾಲೆಗೆ ಹೊರಡಿಸುವುದೇ ಒಂದು ಸಾಹಸ.

ಪೋಷಕರ ಪತ್ರಿಕೆಗಳ ಮಕ್ಕಳ ಪುಟಕ್ಕೆ ಇದಕ್ಕಿಂತ ಒಳ್ಳೆಯ ನಗೆಪದ್ಯದ ವಸ್ತು ಸಿಗುವುದು ಕಷ್ಟ. ಓದುವ ಮಗು ತನ್ನ ಬಾಯಲ್ಲೇ ಕಥೆಯನ್ನು ಇಟ್ಟುಕೊಂಡು ಕೂತಿರುತ್ತದೆ. ಆದರೆ ವಸ್ತು ಸುಲಭವಾಗಿ ಸಿಕ್ಕಿತೆಂದು ಪದ್ಯ ಸುಲಭವಾಗಿ ಬರುವುದಿಲ್ಲ. ಹಲ್ಲು ಬಿತ್ತು, ರಕ್ತ ಬಂತು, ಪುಟ್ಟ ಅತ್ತ, ಅಮ್ಮ ಸಮಾಧಾನ ಮಾಡಿದಳು ಎಂದು ನಾಲ್ಕು ಸಾಲು ಜೋಡಿಸಿದರೆ ಅದು ಪ್ರಾಸವಿರುವ ಸುದ್ದಿಯಾಗುತ್ತದೆಯೇ ಹೊರತು ನಗು ಹುಟ್ಟುವುದಿಲ್ಲ. ನಗು ಎಲ್ಲಿಂದ ಬರಬೇಕು ಎಂಬುದನ್ನು ಹಲ್ಲಿನಿಂದಲೇ ಕಲಿಯಬೇಕು.

ಹಾಲುಹಲ್ಲುಗಳು ಒಟ್ಟು 20. ಒಂದೊಂದರ ಕೆಳಗೂ ಶಾಶ್ವತ ಹಲ್ಲೊಂದು ದವಡೆಯೊಳಗೆ ಬೆಳೆಯುತ್ತಿರುತ್ತದೆ. ಅದು ಮೇಲೇಳುತ್ತ ಬಂದಂತೆ ಹಾಲುಹಲ್ಲಿನ ಬೇರನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕಿಳಿಯುತ್ತವೆ. ಬೇರು ತುದಿಯಿಂದ ಸವೆಯುತ್ತ, ಗಿಡ್ಡವಾಗುತ್ತ ಬರುತ್ತದೆ. ಹಿಡಿತ ತಪ್ಪಿದ ಮೇಲೆ ಹಲ್ಲು ಅಲ್ಲಾಡುತ್ತದೆ. ಕೊನೆಗೆ ಒಸಡಿನ ಒಂದು ಎಳೆಯಷ್ಟೇ ಅದನ್ನು ಹಿಡಿದಿರುತ್ತದೆ. ಬಿದ್ದ ಹಲ್ಲನ್ನು ತಿರುಗಿಸಿ ನೋಡಿದರೆ ಬೇರು ಕಾಣುವುದೇ ಇಲ್ಲ, ಅಡಿಯಲ್ಲಿ ಒಂದು ಪುಟ್ಟ ತಗ್ಗು ಮಾತ್ರ. ಹೊರಗಿನವರು ಯಾರೂ ಈ ಕೆಲಸವನ್ನು ಬೇಗ ಮುಗಿಸಲಾರರು. ಬೇರು ಕರಗುವ ಮೊದಲೇ ಜಗ್ಗಿದರೆ ನೋವಾಗುತ್ತದೆ, ರಕ್ತ ಹೆಚ್ಚು ಬರುತ್ತದೆ, ಬೇರಿನ ಚೂರು ಒಳಗೇ ಉಳಿಯಲೂಬಹುದು. ಮಗು ತಾನೇ ನಾಲಿಗೆಯಿಂದ ಆಡಿಸಿಕೊಳ್ಳಲಿ, ದೊಡ್ಡವರು ಬಲವಂತ ಮಾಡುವುದು ಬೇಡ ಎಂದು ದಂತವೈದ್ಯರು ಹೇಳುವುದು ಇದೇ ಕಾರಣಕ್ಕೆ.

ನಗೆಪದ್ಯದ ಗುಟ್ಟು ಇಲ್ಲಿದೆ. ಮನೆಮಂದಿಯೆಲ್ಲ ಒಂದೊಂದು ಉಪಾಯ ತರುತ್ತಾರೆ. ಹಲ್ಲು ಯಾರ ಮಾತನ್ನೂ ಕೇಳುವುದಿಲ್ಲ. ಎಲ್ಲರೂ ಸೋತು ಸುಮ್ಮನಾದ ಮೇಲೆ, ಯಾರೂ ಎಣಿಸದ ಗಳಿಗೆಯಲ್ಲಿ, ಅದು ತಾನಾಗಿ ಬೀಳುತ್ತದೆ. ದೊಡ್ಡವರ ಬಲ ಸೋಲುವುದನ್ನೂ ಅಕ್ಕಿಕಾಳಿನಷ್ಟು ದೊಡ್ಡ ಹಲ್ಲು ಗೆಲ್ಲುವುದನ್ನೂ ನೋಡಿ ಮಗು ನಗುತ್ತದೆ. ಈ ನಗುವಿನಲ್ಲಿ ಅಳುವ ಮಗುವನ್ನು ಆಡಿಕೊಳ್ಳುವ ಅಗತ್ಯವೇ ಬರುವುದಿಲ್ಲ. ಹಲ್ಲು ಅಲ್ಲಾಡುವಾಗ ಕೆಲವು ಮಕ್ಕಳಿಗೆ ನಿಜವಾಗಿಯೂ ಭಯವಾಗುತ್ತದೆ. ತನ್ನ ಮೈಯ ಒಂದು ತುಂಡು ಕಳಚಿ ಬರುತ್ತಿದೆ ಎಂದರೆ ಭಯವಾಗುವುದು ಸಹಜವೇ. ಆ ಭಯವನ್ನು ಗೇಲಿ ಮಾಡುವ ಪದ್ಯ ಮಕ್ಕಳ ಪುಟಕ್ಕೆ ಬರಬಾರದು.

ಇಂಥ ಪದ್ಯಗಳಲ್ಲಿ ಪದೇಪದೇ ಕಾಣುವ ಇನ್ನೊಂದು ತಮಾಷೆ ತೊದಲಿನದು. ಹಲ್ಲು ಬಿದ್ದ ಪುಟ್ಟ ‘ಸ’ ಎನ್ನಲು ಹೋಗಿ ‘ಥ’ ಎನ್ನುತ್ತಾನೆ, ಮನೆಯವರೆಲ್ಲ ನಗುತ್ತಾರೆ. ಮೊದಲ ಹಲ್ಲಿನ ಪದ್ಯಕ್ಕೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ‘ತ’, ‘ದ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ತಾಗುತ್ತದೆ. ‘ಫ್ಯಾನು’ ಎಂಬ ಮಾತಿನ ಮೊದಲ ಸದ್ದಿಗೆ ಕೆಳತುಟಿ ಮೇಲಿನ ಹಲ್ಲನ್ನು ಮುಟ್ಟಬೇಕು. ‘ಸ’ಕಾರದ ಸೀಟಿಯಂಥ ಸದ್ದಿಗೂ ಮುಂದಿನ ಹಲ್ಲುಗಳ ಅಂಚು ಬೇಕು. ಹೀಗೆ ಮಾತು ಎದ್ದುಕಾಣುವಂತೆ ಬದಲಾಗುವುದು ಮೇಲಿನ ಎರಡು ಹಲ್ಲುಗಳು ಹೋದಾಗ, ಅಂದರೆ ಸಾಮಾನ್ಯವಾಗಿ ಕೆಳಗಿನವು ಬಿದ್ದು ಕೆಲವು ತಿಂಗಳುಗಳಾದ ಮೇಲೆ. ಕೆಳಗಿನ ಒಂದು ಹಲ್ಲು ಬಿದ್ದ ಮಗು ಹೆಚ್ಚುಕಡಿಮೆ ಮೊದಲಿನಂತೆಯೇ ಮಾತಾಡುತ್ತದೆ. ಓದುವ ಮಗು ತನ್ನ ಬಾಯಲ್ಲಿ ಪರೀಕ್ಷೆ ಮಾಡಿ ನೋಡುತ್ತದೆ, ಪದ್ಯ ಸುಳ್ಳು ಹೇಳಿತು ಎಂದು ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ತೊದಲಿನ ತಮಾಷೆಯನ್ನು ಮೇಲಿನ ಹಲ್ಲಿನ ಪದ್ಯಕ್ಕೆ ಎತ್ತಿಡುವುದು ಒಳ್ಳೆಯದು.

ಇನ್ನು ನಡೆಯ ವಿಚಾರ. ಕನ್ನಡದ ಶಿಶುಗೀತೆ ಕಿವಿಯಿಂದ ಕಿವಿಗೆ ಹೋಗುವಂಥದ್ದು. ಪಂಜೆ ಮಂಗೇಶರಾಯರು ಮೇಷ್ಟರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ತರಗತಿಗಳ ನಡುವೆ ಓಡಾಡಿದವರು. ಅವರ ಪದ್ಯಗಳೂ ಜಿ. ಪಿ. ರಾಜರತ್ನಂ ಅವರ ಪದ್ಯಗಳೂ ಪುಸ್ತಕ ನೋಡದ ಮಕ್ಕಳ ಬಾಯಲ್ಲೂ ನಿಂತಿರುವುದಕ್ಕೆ ತಾಳ ತಪ್ಪದ ಮಾತ್ರೆಯ ಲೆಕ್ಕವೇ ಮುಖ್ಯ ಕಾರಣ. ಲೆಕ್ಕ ಸರಳ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು, ಎರಡೆರಡು ಮಾತ್ರೆ. ಮಾತ್ರೆಗಳನ್ನು ಮೂರು, ನಾಲ್ಕು ಅಥವಾ ಐದರ ಗುಂಪುಗಳಾಗಿ ಕಟ್ಟಿದರೆ ಒಂದೊಂದಕ್ಕೂ ಬೇರೆ ಬೇರೆ ನಡೆ ಬರುತ್ತದೆ.

ನಾಲ್ಕರ ನಡೆಯಲ್ಲಿ ಹಲ್ಲಿನ ಪದ್ಯವೊಂದನ್ನು ಶುರುಮಾಡಿದರೆ ಹೀಗೆ ಬರಬಹುದು:

ಪುಟ್ಟಿಯ ಹಲ್ಲೊಂದಲುಗಾಡಿತ್ತು
ಮುಟ್ಟಿದರತ್ತಿಂದಿತ್ತೋಡಿತ್ತು

ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಸಾಲಿಗೂ ನಾಲ್ಕು, ನಾಲ್ಕು, ನಾಲ್ಕು, ಮೂರು. ಸಾಲಿನ ಎರಡನೆಯ ಅಕ್ಷರದಲ್ಲೂ ಪ್ರಾಸವಿದೆ, ಕೊನೆಯಲ್ಲೂ ಇದೆ. ಎರಡನೆಯ ಅಕ್ಷರದ ಪ್ರಾಸ ಕಡ್ಡಾಯವಲ್ಲವೆಂದು ಗೋವಿಂದ ಪೈಗಳು 1911ರಲ್ಲೇ ಅದನ್ನು ಬಿಟ್ಟುಕೊಟ್ಟಿದ್ದರೂ ಮಕ್ಕಳ ಪದ್ಯದಲ್ಲಿ ಅದು ತಾನಾಗಿ ಒದಗಿದರೆ ಕಿವಿಗೆ ಹಿತವೇ. ಆದರೂ ಈ ಎರಡು ಸಾಲು ಮಕ್ಕಳ ಪುಟಕ್ಕೆ ಹೋಗುವಂತಿಲ್ಲ. ಎರಡನೆಯ ಸಾಲನ್ನು ಒಂದನೇ ತರಗತಿಯ ಮಗುವಿನ ಕೈಗೆ ಕೊಟ್ಟರೆ ‘ಮುಟ್ಟಿದರ’ ಎಂಬಲ್ಲಿ ಒಮ್ಮೆ ನಿಲ್ಲುತ್ತದೆ, ‘ತ್ತಿಂದಿ’ ಎಂಬಲ್ಲಿ ದಾರಿ ತಪ್ಪುತ್ತದೆ. ಮಾತ್ರೆ ಕೂಡಿಸುವ ಆಸೆಯಲ್ಲಿ ‘ಮುಟ್ಟಿದರೆ’, ‘ಅತ್ತಿಂದ’, ‘ಇತ್ತ’, ‘ಓಡಿತ್ತು’ ಎಂಬ ನಾಲ್ಕು ಮಾತುಗಳನ್ನು ಸಂಧಿಯಲ್ಲಿ ಬೆಸೆದದ್ದು ಇದಕ್ಕೆ ಕಾರಣ. ದೊಡ್ಡವರ ಕಾವ್ಯದಲ್ಲಿ ಸಂಧಿ ಸೊಗಸು. ಈಗಷ್ಟೇ ಓದಲು ಕಲಿಯುತ್ತಿರುವವರಿಗೆ ಅದು ಗೋಡೆ.

ಸಂಧಿ ಬೇಡವೆಂದರೆ ಒಂದೊಂದು ಮಾತೂ ಇಡಿಯಾಗಿ ಒಂದು ಗಣದಲ್ಲಿ ಕೂರಬೇಕು. ಹಲ್ಲಿನ ಕಥೆಗೆ ಬೇಕಾದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಮಾತ್ರೆ ಎಣಿಸಿದರೆ ಖುಷಿ ಕೊಡುವ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಹಲ್ಲು, ಬಾಯಿ, ಪುಟ್ಟಿ, ಅಜ್ಜಿ, ತಾತ, ಅಪ್ಪ, ಅಮ್ಮ, ಅಣ್ಣ, ಅಕ್ಕ, ನೂಲು, ಬಿತ್ತು. ಎಲ್ಲವೂ ಮೂರು ಮಾತ್ರೆಯವು, ಎಲ್ಲವೂ ಒಂದು ಗುರು ಒಂದು ಲಘು. ಕನ್ನಡದ ಮನೆಮಂದಿಯ ಹೆಸರುಗಳು ಹಲ್ಲಿನ ಜೊತೆ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಜೊತೆಗೆ ಗುರು ಲಘು, ಗುರು ಲಘು ಎಂದು ಸಾಗುವ ಮೂರರ ನಡೆಗೆ ತಾನಾಗಿಯೇ ಒಂದು ಓಲಾಟವಿದೆ. ಅತ್ತ ಒಂದಿಷ್ಟು ಹೆಚ್ಚು ವಾಲಿ ಇತ್ತ ಚಟ್ಟನೆ ಬರುವ ಹಲ್ಲಿನ ಆಟವೇ ಕಿವಿಗೆ ಕೇಳಿಸುತ್ತದೆ. ಈ ವಸ್ತುವಿಗೆ ಇದಕ್ಕಿಂತ ಒಪ್ಪುವ ನಡೆ ಬೇರೆ ಇಲ್ಲ ಎನ್ನಬಹುದು.

ಹಾಗೆ ಮೂರರ ನಡೆಯಲ್ಲಿ ಕಟ್ಟಿದಾಗ ಮೊದಲ ನುಡಿ ಹೀಗಾಯಿತು:

ಕೆಳಗೆ ಮುಂದೆ ಪುಟ್ಟ ಹಲ್ಲು
ನಾಲ್ಗೆ ಹೋಗಿ ತಾಗಿತು;
ಅತ್ತ ವಾಲಿ ಇತ್ತ ವಾಲಿ
ತೊಟ್ಟಿಲಂತೆ ತೂಗಿತು.

ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ಗಣ. ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಮೂರು ಗಣ ತುಂಬಿ, ಕೊನೆಗೆ ‘ತು’ ಎಂಬ ಒಂದೇ ಅಕ್ಷರ. ಹಾಡುವಾಗ ಅಲ್ಲಿ ದನಿ ಎಳೆದು ನಿಲ್ಲುತ್ತದೆ, ಮಗು ಉಸಿರು ತೆಗೆದುಕೊಳ್ಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವುದೂ ಅಲ್ಲೇ. ‘ತಾಗಿತು’, ‘ತೂಗಿತು’ ಎಂಬ ಪ್ರಾಸದಲ್ಲಿ ಕೊನೆಯ ಎರಡು ಅಕ್ಷರಗಳೂ ಹೊಂದುತ್ತವೆ, ಮೊದಲ ಅಕ್ಷರದ ವ್ಯಂಜನವೂ ಒಂದೇ. ಬರೀ ‘ತು’, ‘ತು’ ಸೇರಿಸಿ ‘ನೋಡಿತು’, ‘ತೂಗಿತು’ ಎಂದಿದ್ದರೆ ಪ್ರಾಸ ತೆಳ್ಳಗಾಗುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದಗಳೆಲ್ಲ ‘ತು’, ‘ದರು’, ‘ತ್ತದೆ’ ಎಂದು ಮುಗಿಯುವುದರಿಂದ ಬಾಲಕ್ಕೆ ಬಾಲ ಕೂಡಿಸುವುದು ತೀರ ಸುಲಭ, ಅದಕ್ಕೇ ಅದು ಕಿವಿಗೆ ಸಪ್ಪೆ. ಬಾಲದ ಹಿಂದಿನ ಅಕ್ಷರವೂ ಹೊಂದಿದಾಗಲೇ ಮಗುವಿಗೆ ಪ್ರಾಸ ಸಿಕ್ಕಿತು ಎನ್ನಿಸುವುದು.

ಮೊದಲ ಸಾಲಿನಲ್ಲೇ ‘ಕೆಳಗೆ ಮುಂದೆ’ ಎಂದದ್ದೂ ಸುಮ್ಮನೆ ಅಲ್ಲ. ಓದುವ ಮಗುವಿನ ನಾಲಿಗೆ ಆ ಜಾಗಕ್ಕೆ ಹೋಗಿಯೇ ಹೋಗುತ್ತದೆ.

ಆಮೇಲೆ ಉಪಾಯಗಳ ಸರದಿ.

ಅಜ್ಜಿ ತಂದ್ರು ಉದ್ದ ನೂಲು,
ಅಣ್ಣ ತೆಗೆದ ಬಾಗಿಲು;
ಪುಟ್ಟಿ ಮಾತ್ರ ಓಟ ಕಿತ್ಲು
ಹಲ್ಲು ಕೀಳ ಹೋಗಲು!

ಅಮ್ಮ ಕೊಟ್ರು ಗಟ್ಟಿ ಚಕ್ಲಿ,
ಕಟಕಟಂತ ಮುರಿಯಿತು;
ಚಕ್ಲಿ ತುಂಡು ಆಯ್ತು ಎರಡು,
ಹಲ್ಲು ಅಲ್ಲೆ ಉಳಿಯಿತು.

ನೂಲು ಮತ್ತು ಬಾಗಿಲಿನ ಉಪಾಯ ಎಷ್ಟೋ ಮನೆಗಳಲ್ಲಿ ಕೇಳಿಬರುವಂಥದ್ದು. ಹಲ್ಲಿಗೆ ನೂಲು ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲಿಗೆ ಬಿಗಿದು, ಬಾಗಿಲನ್ನು ದಡಾರನೆ ಎಳೆಯುವುದು. ಮೇಲೆ ಹೇಳಿದ ಕಾರಣಕ್ಕೆ ಇದು ಮಾಡಬಾರದ ಕೆಲಸ. ಮಕ್ಕಳ ಪುಟದಲ್ಲಿ ಅದು ಬರಬಾರದೇ ಎಂದು ಕೇಳಿದರೆ, ಬರಬಹುದು, ಆದರೆ ಫಲಿಸಬಾರದು. ಪದ್ಯದಲ್ಲಿ ಬಾಗಿಲು ಗೆದ್ದರೆ ಓದಿದ ಅಣ್ಣಂದಿರು ಸಂಜೆಯೇ ನೂಲು ಹುಡುಕುತ್ತಾರೆ. ಪುಟ್ಟಿ ಓಟ ಕಿತ್ತಾಗ ನಗುವೂ ಬಂತು, ಹಲ್ಲೂ ಉಳಿಯಿತು. ಇದೇ ಲೆಕ್ಕದಲ್ಲಿ ಇಕ್ಕಳವನ್ನು ಪದ್ಯದಿಂದ ದೂರ ಇಡಬೇಕು. ಆ ಮಾತು ಕೇಳಿದ ಕೂಡಲೇ ಹೆದರಿದ ಮಗುವಿನ ಮುಖದಿಂದ ನಗು ಹೋಗುತ್ತದೆ, ಮುಂದಿನ ಸಾಲುಗಳು ಎಷ್ಟು ಚೆನ್ನಾಗಿದ್ದರೂ ಅದನ್ನು ವಾಪಸು ತರಲಾರವು.

ಚಕ್ಕುಲಿಯ ನುಡಿ ಮುಂದಿನ ನುಡಿಗೆ ಮಾಡಿಟ್ಟ ಸಿದ್ಧತೆ. ಗಟ್ಟಿ ತಿಂಡಿ ಕಚ್ಚಿದರೆ ಹಲ್ಲು ಬೀಳಬೇಕು ಎಂದು ಎಲ್ಲರೂ ಎಣಿಸುತ್ತಾರೆ. ಅಲ್ಲಿ ಚಕ್ಕುಲಿ ಸೋತಿತು. ಈಗ ಸೋತ ಗಟ್ಟಿಗೆ ಎದುರಾಗಿ ಮೆತ್ತನೆಯದು ಬರಬೇಕು.

ಬೆಳಗಿನಲ್ಲಿ ಮೆತ್ತನಿಡ್ಲಿ
ಮೆಲ್ಲ ಕಚ್ಚಿ ತಿಂದಳು;
ನಾಲ್ಗೆ ಹೋಗಿ ತಡವಿ ನೋಡಿ
“ಹಲ್ಲು ಎಲ್ಲಿ?” ಎಂದಳು.

ಇದು ಬರೀ ಕವಿಯ ಕಲ್ಪನೆಯಲ್ಲ. ಬೇರು ಪೂರ್ತಿ ಕರಗಿದ ಮೇಲೆ ಮೆತ್ತನೆಯ ತುತ್ತೊಂದು ಸಾಕು; ಎಷ್ಟೋ ಮಕ್ಕಳಿಗೆ ಹಲ್ಲು ಬಿದ್ದದ್ದು ಊಟದ ನಡುವೆ, ಹಲ್ಲುಜ್ಜುವಾಗ, ನಿದ್ದೆಯಲ್ಲಿ ಗೊತ್ತೇ ಆಗದಂತೆ. ನಿಜಸಂಗತಿಯೇ ಇಷ್ಟು ತಮಾಷೆಯಾಗಿರುವಾಗ ಕಥೆ ಕಟ್ಟುವ ಕಷ್ಟ ಬೇಡ. ಕೆಲವೊಮ್ಮೆ ಹಲ್ಲು ತುತ್ತಿನ ಜೊತೆ ಹೊಟ್ಟೆಗೂ ಹೋಗುತ್ತದೆ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ, ಆದರೆ ಮಗುವಿಗೆ ಕೆಮ್ಮು ಹಿಡಿದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ವೈದ್ಯರ ಹತ್ತಿರ ಓಡಬೇಕು. ಈ ಪದ್ಯದಲ್ಲಿ ಹಲ್ಲು ನುಂಗುವ ಪ್ರಸಂಗವನ್ನು ಬಿಟ್ಟಿರುವುದು ಅದಕ್ಕೇ. ಹೊಟ್ಟೆಯೊಳಗೆ ಹಲ್ಲಿನ ಗಿಡ ಹುಟ್ಟುತ್ತದೆ ಎಂಬ ತಮಾಷೆಯನ್ನು ಐದು ವರ್ಷದ ಮಗು ಪೂರ್ತಿ ನಂಬಿ ರಾತ್ರಿಯೆಲ್ಲ ಅಳಬಹುದು.

ಇಡ್ಲಿ ಎಲ್ಲರ ಮನೆಯ ಬೆಳಗಿನ ತಿಂಡಿಯಲ್ಲ, ಬೇರೆ ತಿಂಡಿ ಹಾಕಬಹುದು. ದೋಸೆಗೆ ಮೂರು ಮಾತ್ರೆ, ಅನ್ನಕ್ಕೂ ಮೂರು. ಮುದ್ದೆಗೂ ಮೂರೇ, ತಾಳಕ್ಕೆ ಸರಿಯಾಗಿ ಕೂರುತ್ತದೆ. ಆದರೆ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆಯೇ ಹೊರತು ಕಚ್ಚುವುದಿಲ್ಲ. ಮಂಡ್ಯದ ಮಗು ಆ ಸಾಲಿಗೆ ಬಂದ ಕೂಡಲೇ ತಪ್ಪು ಹಿಡಿಯುತ್ತದೆ. ಮಾತ್ರೆ ಸರಿಯಿದ್ದರೆ ಸಾಲದು, ತಿನ್ನುವ ರೀತಿಯೂ ಸರಿಯಿರಬೇಕು.

ಹಲ್ಲು ಬಿದ್ದ ಮೇಲೆ ಅದನ್ನು ಏನು ಮಾಡುವುದು? ಕರ್ನಾಟಕದ ಹಲವು ಮನೆಗಳಲ್ಲಿ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುವ ರೂಢಿಯಿತ್ತು. ಹಳೆಯದು ಕೊಂಡುಹೋಗು, ಹೊಸದು ಕೊಡು ಎಂದು ಇಲಿಯನ್ನು ಕೇಳಿಕೊಳ್ಳುವುದೂ ಇದೆ. ಇಲಿಯೇ ಏಕೆ ಎಂಬುದಕ್ಕೆ ಪ್ರಾಣಿಶಾಸ್ತ್ರದಲ್ಲಿ ಸೊಗಸಾದ ಉತ್ತರವಿದೆ: ಇಲಿಯ ಮುಂದಿನ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ, ಕಡಿದು ಕಡಿದೇ ಅದು ಅವುಗಳನ್ನು ಸವೆಸಿಕೊಳ್ಳಬೇಕು. ಹಲ್ಲು ಕೇಳುವುದಾದರೆ ಅದಕ್ಕಿಂತ ಒಳ್ಳೆಯ ದಾನಿ ಇಲ್ಲ. ಈ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಜಪಾನಿನಲ್ಲಿ ಕೆಳಗಿನ ಹಲ್ಲನ್ನು ಸೂರಿನ ಮೇಲಕ್ಕೂ ಮೇಲಿನ ಹಲ್ಲನ್ನು ನೆಲದ ಹಲಗೆಯ ಅಡಿಗೂ ಎಸೆಯುವ ಪದ್ಧತಿಯಿದೆ, ಹೊಸ ಹಲ್ಲು ಆ ದಿಕ್ಕಿಗೇ ನೆಟ್ಟಗೆ ಬೆಳೆಯಲಿ ಎಂದು. ಸ್ಪೇನಿನಲ್ಲಿ ದಿಂಬಿನಡಿಯ ಹಲ್ಲನ್ನು ಒಯ್ಯಲು ಪೆರೆಸ್ ಎಂಬ ಇಲಿ ಬರುತ್ತದೆ. 1894ರ ಸುಮಾರಿಗೆ ಲೂಯಿಸ್ ಕೊಲೊಮಾ ಎಂಬ ಪಾದ್ರಿ, ಹಲ್ಲು ಬಿದ್ದಿದ್ದ ಬಾಲರಾಜ ಹದಿಮೂರನೆಯ ಆಲ್ಫಾನ್ಸೋನಿಗಾಗಿ ಬರೆದ ಕಥೆಯಿಂದ ಆ ಇಲಿ ಹೆಸರುವಾಸಿಯಾಯಿತು. ಕಥೆಯಲ್ಲಿ ಇಲಿಯ ಮನೆಯಿದ್ದ ಮ್ಯಾಡ್ರಿಡ್‌ನ ಅರೆನಾಲ್ ಬೀದಿಯ 8ನೇ ಸಂಖ್ಯೆಯ ಕಟ್ಟಡದಲ್ಲಿ ಈಗ ಅದರ ನೆನಪಿನ ಫಲಕವಿದೆ. ಇಂಗ್ಲಿಷ್ ಪುಸ್ತಕಗಳಿಂದ ಇಳಿದು ಬಂದ ಹಲ್ಲಿನ ಕಿನ್ನರಿ ನಮ್ಮ ನಗರದ ಮಕ್ಕಳಿಗೂ ಈಗ ಪರಿಚಿತಳೇ. ಆದರೂ ಕನ್ನಡದ ಪದ್ಯಕ್ಕೆ ಮನೆಯ ಇಲಿಯೇ ಸಾಕು. ಅದು ಸೂರಿನ ಮೇಲೆ ಮೊದಲೇ ಓಡಾಡಿಕೊಂಡಿದೆ.

ತಟ್ಟೆಯಲ್ಲಿ ಸಿಕ್ಕ ಹಲ್ಲು
ಸೂರಿನತ್ತ ಹಾರಿತು;
ಹೊಸದು ಕೇಳಿ ಇಲಿಗೆ ಅರ್ಜಿ
ಕೂಗಿನಲ್ಲೆ ಸೇರಿತು.

ಇಲ್ಲಿಗೇ ಪದ್ಯವನ್ನು ನಿಲ್ಲಿಸಬಹುದಿತ್ತು. ಹಲ್ಲು ಬಿತ್ತು, ಎಸೆದಾಯಿತು, ಕಥೆ ಮುಗಿಯಿತು. ಆದರೆ ನಗೆಪದ್ಯಕ್ಕೆ ಕೊನೆಯ ಏಟು ಬೇಕು, ಅದು ಕಥೆಯೊಳಗಿಂದಲೇ ಬರಬೇಕು. ‘ಹೊಸ ಹಲ್ಲು ಬಂತು, ಚೆನ್ನಾಗಿ ಉಜ್ಜಿರಿ’ ಎಂಬ ಬುದ್ಧಿಮಾತಿನ ಕೊನೆ ಇಂಥ ಪದ್ಯಗಳನ್ನು ಸಾಮಾನ್ಯವಾಗಿ ಹಾಳುಮಾಡುತ್ತದೆ. ಉಜ್ಜುವ ವಿಷಯ ಮುಖ್ಯವೇ. ಹೊಸ ಹಲ್ಲು ಪೂರ್ತಿ ಗಟ್ಟಿಯಾಗಲು ಸಮಯ ಬೇಕು, ಬೇಗ ಹುಳುಕಾಗುವ ಭಯವೂ ಇದೆ. ಅದನ್ನು ಪಕ್ಕದ ಪುಟದಲ್ಲಿ ಪೋಷಕರಿಗೆ ಹೇಳಬಹುದು. ಪದ್ಯದೊಳಗೆ ಅದು ಬಂದ ಕ್ಷಣ ನಗುತ್ತಿದ್ದ ಮಗುವಿಗೆ ಪಾಠ ಶುರುವಾಯಿತು ಎಂದು ತಿಳಿಯುತ್ತದೆ.

ಕೊನೆಯ ಏಟಿಗೆ ಬೇಕಾದವರು ಮನೆಯಲ್ಲೇ ಇದ್ದಾರೆ. ಇಷ್ಟೂ ಹೊತ್ತು ಉಪಾಯ ಹೇಳದೆ ಸುಮ್ಮನಿದ್ದವರು ಒಬ್ಬರೇ.

ಬೊಚ್ಚು ಬಾಯಿ ತೆರೆದು ತಾತ
ನಕ್ಕು ಕೇಳಿಬಿಟ್ಟರು:
“ನಾನು ಎಸೆದ ಹಲ್ಲಿಗೆಲ್ಲ
ಹೊಸದು ಯಾರು ಕೊಟ್ಟರು?”

ತಾತನ ಪ್ರಶ್ನೆಗೆ ಉತ್ತರ ಮಗುವಿಗೇ ಗೊತ್ತು. ತಾತ ಎಸೆದದ್ದರಲ್ಲಿ ಎರಡನೆಯ ಸಲದ ಹಲ್ಲುಗಳೂ ಇದ್ದವು, ಇಲಿಯ ಲೆಕ್ಕ ಒಂದು ಸಲಕ್ಕೆ ಮಾತ್ರ. ಅದನ್ನು ಪದ್ಯ ಬಾಯಿಬಿಟ್ಟು ಹೇಳಿದರೆ ಕೆಟ್ಟಿತು. ಪ್ರಶ್ನೆಯಲ್ಲೇ ನಿಲ್ಲಿಸಿದಾಗ ಮಗು ತಾತನಿಗೆ ಉತ್ತರ ಹೇಳಿಕೊಡಲು ಓಡುತ್ತದೆ. ಇಲ್ಲಿ ನಗು ಯಾರನ್ನೂ ಕೀಳು ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು. ತಾತ ತಮ್ಮ ಬೊಚ್ಚುಬಾಯಿಯ ಬಗ್ಗೆ ತಾವೇ ತಮಾಷೆ ಮಾಡಿದ್ದಾರೆ. ಅದೇ ಮಾತನ್ನು ಪುಟ್ಟಿಯೋ ಅಣ್ಣನೋ ಹೇಳಿದ್ದರೆ ಪದ್ಯದ ರುಚಿಯೇ ಬೇರೆಯಾಗುತ್ತಿತ್ತು.

ಈ ಪದ್ಯಕ್ಕೂ ಮಿತಿಯಿದೆ. ತಾಳ ಕೂರಿಸಲು ನಾಲಿಗೆ ‘ನಾಲ್ಗೆ’ಯಾಗಿದೆ, ತಂದರು ‘ತಂದ್ರು’ ಆಗಿದೆ, ಕೊಟ್ಟರು ‘ಕೊಟ್ರು’, ಚಕ್ಕುಲಿ ‘ಚಕ್ಲಿ’. ಬಾಯಲ್ಲಿ ಆಡುವ ಮಾತಾದ್ದರಿಂದ ಕಿವಿಗೆ ಹಾಯೆನಿಸುತ್ತದೆ, ಆದರೆ ಕಣ್ಣಿಗೆ ಕಷ್ಟ. ‘ಹಲ್ಲು’, ‘ಅಜ್ಜಿ’ಗಳಲ್ಲಿ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಇರುತ್ತದೆ, ಮಕ್ಕಳು ಅದನ್ನು ಮೊದಲು ಕಲಿಯುತ್ತಾರೆ. ‘ಲ್ಗೆ’, ‘ಟ್ರು’, ‘ಕ್ಲಿ’ಗಳಲ್ಲಿ ಬೇರೆ ಅಕ್ಷರದ ಒತ್ತು, ಅದು ನಿಧಾನವಾಗಿ ಬರುತ್ತದೆ. ಮೊದಲ ಹಲ್ಲು ಬೀಳುವ ವಯಸ್ಸೂ ಈ ಒತ್ತಕ್ಷರಗಳನ್ನು ಕಲಿಯುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಪದ್ಯವನ್ನು ಮೊದಲ ಸಲ ದೊಡ್ಡವರು ಓದಿಹೇಳಬೇಕು. ಉದ್ದ ಸಾಲನ್ನು ಅಮ್ಮ ಹೇಳಿ, ಗಿಡ್ಡ ಸಾಲನ್ನು ಮಗುವಿಗೆ ಬಿಟ್ಟರೆ ಎರಡನೆಯ ಓದಿಗೇ ಪ್ರಾಸದ ಮಾತುಗಳು ಮಗುವಿನ ಬಾಯಿಗೆ ಬರುತ್ತವೆ.

ಪದ್ಯ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೂ ಓದಿಸುವುದೇ ದಾರಿ. ಬರೆದವರು ತಾವೇ ಓದಿದರೆ ಪ್ರಯೋಜನವಿಲ್ಲ, ಅವರ ಕಿವಿ ತಪ್ಪಿದ ಮಾತ್ರೆಯನ್ನು ತಾನಾಗಿ ತುಂಬಿಕೊಳ್ಳುತ್ತದೆ. ಪದ್ಯವನ್ನು ಮೊದಲು ನೋಡದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ಎದುರಿಗೆ ಪೆನ್ಸಿಲು ಹಿಡಿದು ಕೂರಬೇಕು. ಎಲ್ಲಿ ಹಿಂದೆ ಹೋಗಿ ಮತ್ತೆ ಓದಿದರೋ ಅಲ್ಲಿ ಒಂದು ಗೆರೆ. ಗೆರೆ ಬಿದ್ದ ಕಡೆ ಒಂದೋ ಮಾತ್ರೆ ತಪ್ಪಿರುತ್ತದೆ, ಇಲ್ಲವೇ ಸಂಧಿ ಸಿಕ್ಕಾಗಿರುತ್ತದೆ. ಈ ಪದ್ಯದಲ್ಲಿ ಅಂಥ ಗೆರೆ ಬೀಳಬಹುದಾದ ಜಾಗ ‘ಮೆತ್ತನಿಡ್ಲಿ’. ಮೆತ್ತನೆಯ ಇಡ್ಲಿಯನ್ನು ಅಷ್ಟು ಅಡಕಿಸಬಾರದಿತ್ತು ಎಂದು ಒಬ್ಬ ಸಂಪಾದಕರು ಹೇಳಿದರೆ ಅವರ ಮಾತು ಸರಿಯೇ. ‘ಮೆತ್ತ ಇಡ್ಲಿ’ ಎಂದು ಬಿಡಿಸಿ ಬರೆದರೂ ಮಾತ್ರೆ ಅಷ್ಟೇ.

ಚಿತ್ರ ಬರೆಯುವವರ ಜೊತೆಗೂ ಎರಡು ಮಾತು ಆಡಬೇಕಾಗುತ್ತದೆ. ಹಲ್ಲು ಬಿದ್ದ ಮಗು ಎಂದರೆ ಮೇಲಿನ ಸಾಲಿನಲ್ಲಿ ಕಿಂಡಿ ಬಿಡುವುದು ಚಿತ್ರಕಾರರ ಕೈಗೆ ರೂಢಿ, ನಗುವಾಗ ಎದ್ದುಕಾಣುವುದು ಅದೇ ಸಾಲಾದ್ದರಿಂದ. ಈ ಪದ್ಯಕ್ಕೆ ಕಿಂಡಿ ಕೆಳಗಿರಬೇಕು. ಎರಡನೆಯ ಮಾತು ತಾತನ ಬಗ್ಗೆ. ಪುಟದ ಮೇಲ್ಭಾಗದಲ್ಲೇ ಮನೆಮಂದಿಯನ್ನೆಲ್ಲ ನಿಲ್ಲಿಸಿ, ಬೊಚ್ಚುಬಾಯಿ ತೆರೆದು ನಗುವ ತಾತನನ್ನೂ ಅಲ್ಲೇ ಬರೆದುಬಿಟ್ಟರೆ ಕೊನೆಯ ನುಡಿಯ ಏಟು ಮೊದಲೇ ಬಿದ್ದುಹೋಗುತ್ತದೆ. ತಾತ ಮೇಲೆ ಇರಲಿ, ಬಾಯಿ ಮುಚ್ಚಿ ಪೇಪರ್ ಓದುತ್ತಿರಲಿ. ಬಾಯಿ ತೆರೆಯುವ ತಾತನಿಗೆ ಪುಟದ ಬಲಗಡೆಯ ಕೆಳಮೂಲೆ ಸರಿಯಾದ ಜಾಗ. ಇಪ್ಪತ್ತನಾಲ್ಕು ಸಾಲನ್ನು ದೊಡ್ಡ ಅಕ್ಷರದಲ್ಲಿ ಎರಡು ಕಾಲಮ್ಮಾಗಿ ಹಾಕಿದರೂ ಒಂದು ಪುಟದಲ್ಲಿ ಇಷ್ಟಕ್ಕೆ ಜಾಗ ಸಿಗುತ್ತದೆ.

ಇನ್ನು ಸೂರೇ ಇಲ್ಲದ ಮಕ್ಕಳ ವಿಚಾರ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿರುವ ಮಗು ಹಲ್ಲನ್ನು ಎಲ್ಲಿಗೆ ಎಸೆಯಬೇಕು? ಬಾಲ್ಕನಿಯ ಕುಂಡದಲ್ಲಿ ಹೂತಿಡುವ ಮನೆಗಳೂ ಇವೆ. ಅವರಿಗಾಗಿ ಐದನೆಯ ನುಡಿಯನ್ನು ನಡೆ ಕೆಡದಂತೆ ಬದಲಿಸಿಕೊಡಬಹುದು:

ತಟ್ಟೆಯಲ್ಲಿ ಸಿಕ್ಕ ಹಲ್ಲು
ತುಳಸಿ ಕುಂಡ ಸೇರಿತು;
ಹೊಸದು ಕೇಳಿ ಇಲಿಗೆ ಅರ್ಜಿ
ಲಿಫ್ಟಿನಲ್ಲಿ ಏರಿತು.

ಹೀಗೆ ಬದಲಿಸಿದರೂ ಕೊನೆಯ ನುಡಿಯಲ್ಲಿ ತಾತ ‘ಎಸೆದ’ ಎನ್ನುವುದು ಹಾಗೇ ನಿಲ್ಲುತ್ತದೆ. ತಾತ ಹುಡುಗನಾಗಿದ್ದಾಗ ಮನೆಗೆ ಹಂಚು ಇತ್ತಲ್ಲ.

ಉಪಾಯ ಹೇಳುವವರನ್ನಂತೂ ಮಕ್ಕಳೇ ಬದಲಿಸಿಕೊಳ್ಳಬಹುದು, ಪುಟದ ಅಡಿಯಲ್ಲಿ ಅದಕ್ಕೆ ಎರಡು ಖಾಲಿ ಗೆರೆ ಬಿಡುವುದು ಒಳ್ಳೆಯದು. ಅಕ್ಕ, ಅತ್ತೆ, ಮಾಮ, ಚಿಕ್ಕಿ ಎಲ್ಲರೂ ಮೂರು ಮಾತ್ರೆಯವರು, ನೇರವಾಗಿ ಬಂದು ಕೂರುತ್ತಾರೆ. ಸೋದರತ್ತೆಗೆ ಆರು ಮಾತ್ರೆ, ಎರಡು ಗಣದ ಜಾಗ ಹಿಡಿಯುತ್ತಾರೆ, ಆದರೂ ತಾಳ ತಪ್ಪುವುದಿಲ್ಲ. ತೊಡಕಾಗುವುದು ಚಿಕ್ಕಪ್ಪ ಮತ್ತು ದೊಡ್ಡಮ್ಮನಿಂದ. ಇಬ್ಬರಿಗೂ ಐದೈದು ಮಾತ್ರೆ, ಮೂರರ ನಡೆಯಲ್ಲಿ ಒಂದು ಕಡಿಮೆ. ‘ಚಿಕ್ಕಪ್ಪ ತಂದ್ರು’ ಎಂದು ಓದಿದರೆ ತಾಳ ಅಲ್ಲೇ ಮುಗ್ಗರಿಸುತ್ತದೆ. ‘ಚಿಕ್ಕಪ್ಪನು’ ಎಂದು ಒಂದು ‘ನು’ ಸೇರಿಸಿದರೆ ಆರು ತುಂಬುತ್ತದೆ. ದೊಡ್ಡಮ್ಮನಿಗೆ ‘ದೊಡ್ಡಮ್ಮನೆ’ ಎಂದರಾಯಿತು.